ತಂಗಿ ಜಾತಕದಲ್ಲಿ ಮಾಲವ್ಯ ಯೋಗವೂ ಇದೆ, ಶುಕ್ರ-ಶನಿಯೂ ಇದ್ದಾರೆ. ಒಬ್ಬರು ಬೇಡ ಅಂತಾರೆ, ಒಬ್ಬರು ಬಿಡಬೇಡಿ ಅಂತಾರೆ

ಕಾಫಿಹೂ (ವಿರಾಜಪೇಟೆ)
ಎಲ್ಲರಿಗೂ ನಮಸ್ಕಾರ. ತಂಗಿಗೆ ಒಂದು ಸಂಬಂಧ ಬಂದಿದೆ. ಹುಡುಗನ ಕಡೆಯವರು ತೋರಿಸಿದ ಜ್ಯೋತಿಷಿ "ಸಪ್ತಮದಲ್ಲಿ ಶನಿ ಶುಕ್ರ ಒಟ್ಟಿಗಿದ್ದಾರೆ, ಸಂಸಾರ ತಣ್ಣಗಿರುತ್ತದೆ, ಬೇಡ" ಅಂದರಂತೆ. ನಾವು ತೋರಿಸಿದವರು ಅದೇ ಜಾತಕ ನೋಡಿ "ಮಾಲವ್ಯ ಯೋಗ ಇದೆ ಮಾರಾಯರೇ, ಈ ಹುಡುಗಿ ಕಾಲಿಟ್ಟ ಮನೆ ಬೆಳಗುತ್ತದೆ" ಅಂದರು. ಒಂದೇ ಕಾಗದ, ಒಂದೇ ಮನೆ, ಎರಡು ಮಾತು.

ಹುಟ್ಟಿದ್ದು 1997ರ ಏಪ್ರಿಲ್ ಶುರುವಿನಲ್ಲಿ, ಸಂಜೆ 6:50, ವಿರಾಜಪೇಟೆ. ತಾರೀಖು ಇಲ್ಲಿ ಹಾಕಲ್ಲ. ಕನ್ಯಾ ಲಗ್ನ, ಧನು ರಾಶಿ. ಮೀನದಲ್ಲಿ ಶುಕ್ರ, ಶನಿ, ರವಿ, ಕೇತು. ಮಕರದಲ್ಲಿ ಗುರು. ಸಿಂಹದಲ್ಲಿ ಕುಜ. ರಾಹು ಲಗ್ನದಲ್ಲೇ. ಅಮ್ಮ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ತಿಳಿದವರು ಹೇಳಿ.

ಕಿರಣ ಕುಶಾಲನಗರ
ಬ್ರೋ, ಟೆನ್ಷನ್ ಬೇಡ. ಶುಕ್ರ ಸ್ವಂತ ಮನೆಯಲ್ಲೋ ಉಚ್ಚದಲ್ಲೋ ಇದ್ದು, ಅದು ಲಗ್ನದಿಂದ ಕೇಂದ್ರ ಆಗಿದ್ದರೆ ಮಾಲವ್ಯ. ಮೀನ ಶುಕ್ರನಿಗೆ ಉಚ್ಚ, ಕನ್ಯಾ ಲಗ್ನಕ್ಕೆ ಅದು ಏಳನೇ ಮನೆ. ನೂರಕ್ಕೆ ನೂರು ಯೋಗ. ಜೊತೆಗೆ ಶನಿ ಶುಕ್ರ ಮಿತ್ರರು. ಮಹಾಪುರುಷ ಯೋಗ ಬಂದ ಮೇಲೆ ಬಾಕಿ ಎಲ್ಲ ದೋಷ ಢಮಾರ್. ಕಣ್ಣು ಮುಚ್ಚಿ ಮದುವೆ ಮಾಡಿ.

ಸೋಮವಾರಪೇಟೆ ಅಕ್ಕ
ನನ್ನದೂ ಶುಕ್ರ ಶನಿ ಒಟ್ಟಿಗೇ. 1983ರ ಡಿಸೆಂಬರ್, ಮಕರ ಲಗ್ನ, ಇಬ್ಬರೂ ತುಲಾದಲ್ಲಿ, ಹತ್ತನೇ ಮನೆ. ಮದುವೆಗೆ ಮುಂಚೆ ನಮ್ಮ ಮನೆಯಲ್ಲೂ ಇದೇ ಗಲಾಟೆ. ಮೂವತ್ತೊಂದಕ್ಕೆ ಮದುವೆ ಆಯಿತು, ನಮ್ಮವರು ನನಗಿಂತ ಒಂಬತ್ತು ವರ್ಷ ದೊಡ್ಡವರು. ಜಾಸ್ತಿ ಮಾತಿಲ್ಲ ಅವರಿಗೆ. ಹುಟ್ಟುಹಬ್ಬ ನೆನಪಿರಲ್ಲ. ಆದರೆ ನನ್ನ ಅಪ್ಪ ಮಲಗಿದ್ದಾಗ ಏಳು ತಿಂಗಳು ಅವರೇ ಎತ್ತಿ ಸ್ನಾನ ಮಾಡಿಸಿದರು. ನನ್ನ ಅಣ್ಣಂದಿರು ಮಾಡಲಿಲ್ಲ. ತಣ್ಣಗೆ ಅಂದರೆ ಏನು ಅಂತ ಆ ಜ್ಯೋತಿಷಿಯನ್ನೇ ಕೇಳಬೇಕು.

ಮೂರ್ನಾಡಿನವ
ನಮ್ಮ ಅಜ್ಜ ಅಜ್ಜಿ ಜಾತಕ ನೋಡಿ ಮದುವೆ ಆದವರಲ್ಲ. ಒಕ್ಕದ ಹಿರಿಯರು ಕೂತು ಮಾತಾಡಿದರು, ಅಕ್ಕಿ ಹಾಕಿ ಹರಸಿದರು, ಮುಗಿಯಿತು. ಅರವತ್ತು ವರ್ಷ ಜೊತೆಗಿದ್ದರು. ಮೊಬೈಲಿನಲ್ಲಿ ಆ್ಯಪ್ ಬಂದಮೇಲೆ ನಮ್ಮಲ್ಲೂ ಶುಕ್ರ ಶನಿ ಶುರುವಾಗಿದೆ. ಹುಡುಗ ಹೇಗೆ, ಕುಡಿತ ಇದೆಯಾ, ತೋಟದ ಮೇಲೆ ಸಾಲ ಎಷ್ಟು, ಇದನ್ನ ಕೇಳಿ ಮೊದಲು.

ಕಾಫಿಹೂ (ವಿರಾಜಪೇಟೆ)
ಅಣ್ಣ, ಅದೆಲ್ಲ ಕೇಳಿದ್ದೇವೆ. ಸರಿ ಇದೆ. ಅಡ್ಡ ಬಂದಿರೋದು ಇದೊಂದೇ.

ಮಡಿಕೇರಿ ಮೇಷ್ಟ್ರು
ಕಿರಣ ಹೇಳಿದ ಲೆಕ್ಕ ಸರಿ. ಅಲ್ಲಿಗೇ ನಿಲ್ಲಿಸಿದ್ದು ತಪ್ಪು.

ಕಾಫಿಹೂ ಅವರೇ, ನೀವು ಮೀನದಲ್ಲಿ ನಾಲ್ಕು ಗ್ರಹ ಅಂತ ಬರೆದಿರಿ, ಡಿಗ್ರಿ ಬರೆಯಲಿಲ್ಲ. ಈ ಜಾತಕದ ಮರ್ಮ ಇರೋದೇ ಡಿಗ್ರಿಯಲ್ಲಿ. ಆ ವಾರದ ಗ್ರಹಸ್ಥಿತಿ ನಾನು ಹಾಕಿ ನೋಡಿದೆ. ಮೀನದಲ್ಲಿ ಶನಿ ಸುಮಾರು 16, ಶುಕ್ರ 17 ದಾಟಿದೆ, ರವಿ 18ರ ಹತ್ತಿರ. ಮೂರೂ ಎರಡು ಡಿಗ್ರಿಯೊಳಗೆ ಇಕ್ಕಟ್ಟಾಗಿ ಕೂತಿವೆ. ಕೇತು ಮಾತ್ರ ರಾಶಿಯ ಶುರುವಿನಲ್ಲಿ, ದೂರ.

ಎರಡೂ ಕಡೆಯ ಜ್ಯೋತಿಷಿಗಳು ಶುಕ್ರ-ಶನಿ ಅಂತ ಜಗಳ ಆಡುತ್ತಿದ್ದಾರೆ. ಶುಕ್ರನನ್ನು ನಿಜವಾಗಿ ಒತ್ತಿ ಹಿಡಿದಿರೋದು ಶನಿ ಅಲ್ಲ, ರವಿ. ಶುಕ್ರ ನೇರ ನಡೆಯಲ್ಲಿದ್ದಾಗ ರವಿಯಿಂದ 10 ಡಿಗ್ರಿಯೊಳಗೆ ಬಂದರೆ ಅಸ್ತ ಅಂತ ಹಳೆಯ ಲೆಕ್ಕ. ಇಲ್ಲಿ ಅರ್ಧ ಡಿಗ್ರಿ ದೂರವೂ ಸರಿಯಾಗಿ ಇಲ್ಲ. ಆ ವಾರ ಶುಕ್ರ ಸೂರ್ಯನ ಆಚೆ ಬದಿಯಲ್ಲಿ ಇದ್ದ. ಬೆಳಿಗ್ಗೆಯೂ ಕಾಣಲ್ಲ, ಸಂಜೆಯೂ ಕಾಣಲ್ಲ. ಪಂಚಾಂಗದಲ್ಲಿ ಶುಕ್ರ ಮೌಢ್ಯ ಅಂತ ಬರೆದು ಮದುವೆ ಮುಹೂರ್ತ ಇಡದ ಕಾಲ ಇದೇ. ಮುಹೂರ್ತಕ್ಕೆ ಆಗದ ಶುಕ್ರ, ಜಾತಕದಲ್ಲಿ ಬಂದ ತಕ್ಷಣ ಮಾಲವ್ಯ ಅಂತ ಕಿರೀಟ ಹಾಕಿದರೆ ಹೇಗೆ?

ಕಿರಣ ಕುಶಾಲನಗರ
ಮೇಷ್ಟ್ರೇ, ಒಂದು ನಿಮಿಷ. ಶುಕ್ರನಿಗೂ ಶನಿಗೂ ಅಸ್ತದ ದೋಷ ಇಲ್ಲ ಅಂತ ವರಾಹಮಿಹಿರನೇ ಹೇಳಿದ್ದಾನೆ. ನಾನು ಓದಿದ್ದೇನೆ, ಬೃಹಜ್ಜಾತಕದಲ್ಲಿ ಇದೆ.

ಮಡಿಕೇರಿ ಮೇಷ್ಟ್ರು
ಇದೆ. ಎಲ್ಲಿದೆ ಅಂತ ನೋಡಿ. ಆಯುರ್ದಾಯದ ಅಧ್ಯಾಯದಲ್ಲಿ. ಒಬ್ಬನ ಆಯಸ್ಸು ಲೆಕ್ಕ ಹಾಕುವಾಗ ಪ್ರತಿ ಗ್ರಹಕ್ಕೂ ಇಷ್ಟಿಷ್ಟು ವರ್ಷ ಕೊಡುತ್ತಾರೆ. ಅಸ್ತವಾದ ಗ್ರಹದ ವರ್ಷದಲ್ಲಿ ಅರ್ಧ ಕಳೆಯಬೇಕು, ಶುಕ್ರ ಶನಿಗೆ ಮಾತ್ರ ಕಳೆಯಬೇಡ ಅಂತ ಆ ಮಾತು. ಅದು ಕಳೆಯುವ ಲೆಕ್ಕದ ವಿನಾಯಿತಿ. ಮದುವೆಯ ಫಲಕ್ಕೆ ಅದನ್ನು ಎಳೆದು ತರುವವರು ಬಹಳ ಜನ ಇದ್ದಾರೆ, ನೀವೊಬ್ಬರೇ ಅಲ್ಲ. ಆದರೆ ಅದು ಬೇರೆ ಕೋಣೆಯ ಬೀಗದ ಕೈ.

ಅದೇ ಬೃಹಜ್ಜಾತಕದಲ್ಲಿ ಎರಡು ಗ್ರಹ ಕೂಡಿದರೆ ಏನು ಫಲ ಅಂತಲೂ ಇದೆ. ಶುಕ್ರ-ಶನಿಗೆ ಹೇಳಿರೋದು ಇಷ್ಟೇ: ದೃಷ್ಟಿ ಮಂದ, ಹೆಣ್ಣಿನ ಆಶ್ರಯದಿಂದ ಹಣ ಬೆಳೆಯುತ್ತದೆ, ಬರವಣಿಗೆ, ಪುಸ್ತಕ, ಚಿತ್ರ ಗೊತ್ತಿರುತ್ತದೆ. ಸಂಸಾರ ಒಡೆಯುತ್ತದೆ ಅಂತ ಅಲ್ಲಿ ಒಂದು ಅಕ್ಷರ ಇಲ್ಲ. "ಶುಕ್ರ-ಶನಿ ಅಂದರೆ ಡೈವೋರ್ಸ್" ಅನ್ನೋದು ಈಚಿನ ಮಾತು.

ಕಾಫಿಹೂ (ವಿರಾಜಪೇಟೆ)
ದೃಷ್ಟಿ ಮಂದ ಅಂದಿರಲ್ಲ, ತಂಗಿಗೆ ಐದನೇ ಕ್ಲಾಸಿನಿಂದ ಕನ್ನಡಕ! ಅವಳಿಗೆ ಓದಿ ಹೇಳಿದೆ. "ಇದೊಂದು ಸರಿ ಇದೆ, ಬಾಕಿ ನೋಡೋಣ" ಅಂದಳು.

ಭಾಗಮಂಡಲ ಹೊಸಬ
ನನಗೂ ತುಲಾದಲ್ಲಿ ಶುಕ್ರ ಇದ್ದಾನೆ, ಕುಂಭ ಲಗ್ನ. ಮಾಲವ್ಯ ಯೋಗ ಅಲ್ವಾ? ಕಾರು ಯಾವಾಗ ತಗೊಳ್ಳಬಹುದು ದಯವಿಟ್ಟು ತಿಳಿಸಿ.

ಮಡಿಕೇರಿ ಮೇಷ್ಟ್ರು
ಕುಂಭಕ್ಕೆ ತುಲಾ ಒಂಬತ್ತನೇ ಮನೆ, ಕೇಂದ್ರ ಅಲ್ಲ. ಒಳ್ಳೆ ಶುಕ್ರನೇ, ಮಾಲವ್ಯ ಅಲ್ಲ. ಕಾರಿನ ವಿಷಯಕ್ಕೆ ಬೇರೆ ಚರ್ಚೆ ತೆರೆಯಿರಿ.

ಸೋಮವಾರಪೇಟೆ ಅಕ್ಕ
ಮೇಷ್ಟ್ರೇ, ಹಾಗಾದರೆ ನನ್ನದು? ನನ್ನ ಶುಕ್ರನೂ ಅಸ್ತವಾ?

ಮಡಿಕೇರಿ ಮೇಷ್ಟ್ರು
ಇಲ್ಲ ಅಕ್ಕ. ನಿಮ್ಮದು ಇದಕ್ಕೆ ಪಕ್ಕಾ ಎದುರು ಉದಾಹರಣೆ. 1983ರ ಡಿಸೆಂಬರಿನಲ್ಲಿ ಶುಕ್ರ ಸೂರ್ಯನಿಂದ ನಲವತ್ತು ಡಿಗ್ರಿಗೂ ಹೆಚ್ಚು ದೂರ ಇದ್ದ. ಬೆಳಗಿನ ಜಾವ ಹಿತ್ತಲಿಗೆ ಬಂದವರಿಗೆಲ್ಲ ಕಾಣುತ್ತಿದ್ದ. ತುಲಾ ಅವನ ಸ್ವಂತ ಮನೆ, ನಿಮಗೆ ಹತ್ತನೆಯದು, ಹಾಗಾಗಿ ಮಾಲವ್ಯ. ಶನಿಗೆ ಅದೇ ತುಲಾ ಉಚ್ಚ, ಹಾಗಾಗಿ ಶಶ ಯೋಗವೂ ಅಲ್ಲೇ. ಇಬ್ಬರಿಗೂ ಬಲ, ಇಬ್ಬರಿಗೂ ಬೆಳಕು. ನೀವು ಹೇಳಿದಿರಲ್ಲ, ಮಾತಿಲ್ಲದ ಗಂಡ ಮಾವನನ್ನು ಎತ್ತಿ ಸ್ನಾನ ಮಾಡಿಸಿದ್ದು. ಶುಕ್ರ-ಶನಿಯನ್ನು ನಾನು ಓದೋದು ಹಾಗೆಯೇ. ಪ್ರೀತಿ ಇರುತ್ತದೆ, ಅದು ಕೆಲಸದ ವೇಷದಲ್ಲಿ ಬರುತ್ತದೆ. ತಡ, ವಯಸ್ಸಿನ ಅಂತರ, ಮಾತು ಕಡಿಮೆ, ಹಿಡಿದ ಕೈ ಬಿಡದಿರೋದು, ಇವೆಲ್ಲ ಒಂದೇ ಗುಣದ ಬೇರೆ ಬೇರೆ ಮುಖ.

ಈ ಹುಡುಗಿಯ ಜಾತಕದಲ್ಲೂ ಅದೇ ಶನಿ. ಆದರೆ ಶುಕ್ರನಿಗೆ ಅಷ್ಟು ಬೆಳಕಿಲ್ಲ.

ಮೂರ್ನಾಡಿನವ
ಅಕ್ಕನ ಗಂಡ ಒಳ್ಳೆಯವರು. ಅದಕ್ಕೆ ಶನಿಗೆ ಕ್ರೆಡಿಟ್ ಕೊಡಬೇಡಿ ಮೇಷ್ಟ್ರೇ.

ಕಾಫಿಹೂ (ವಿರಾಜಪೇಟೆ)
ಹಾಗಾದರೆ ಮಾಲವ್ಯ ಇಲ್ಲ ಅಂತಲೇ? ಅಮ್ಮನಿಗೆ ಹೇಗೆ ಹೇಳಲಿ?

ಮಡಿಕೇರಿ ಮೇಷ್ಟ್ರು
ಇಲ್ಲ ಅಂತ ನಾನು ಹೇಳಲಿಲ್ಲ. ಯೋಗ ಇದೆ, ಫಲ ಹೊರಗೆ ಕಾಣೋದು ಕಡಿಮೆ ಅಂತ ನನ್ನ ಮಾತು. ಉಚ್ಚದಲ್ಲಿ ಅಸ್ತವಾದ ಗ್ರಹ ಅಂದರೆ ಪಾಟಿನಲ್ಲಿ ಇಟ್ಟ ಒಳ್ಳೆ ಕಾಫಿ ಗಿಡದ ಹಾಗೆ. ಜಾತಿ ಒಳ್ಳೆಯದೇ, ಬೇರಿಗೆ ಜಾಗ ಇಲ್ಲ. ಹಣ, ಬಟ್ಟೆಬರೆ, ಅನುಕೂಲ ಕೊಡಬಹುದು. ಹೊಗಳಿಕೆ, ಮುದ್ದು, ಎದ್ದು ಕಾಣುವ ಪ್ರೀತಿ ಇವು ಕಡಿಮೆ. ರವಿ ಇಲ್ಲಿ ಹನ್ನೆರಡನೇ ಮನೆಯ ಯಜಮಾನ. ಅವನು ಏಳರಲ್ಲಿ ಶುಕ್ರನ ಮೇಲೆ ಕೂತರೆ ನಾನು ಮೊದಲು ಕೇಳೋದು ಒಂದೇ: ಗಂಡ ಹೆಂಡತಿ ಬೇರೆ ಬೇರೆ ಊರಿನಲ್ಲಿ ಇರುವ ಸಂಭವ ಇದೆಯಾ? ಹುಡುಗನ ಕೆಲಸ ಏನು?

ಕಾಫಿಹೂ (ವಿರಾಜಪೇಟೆ)
ಮೇಷ್ಟ್ರೇ... ಹುಡುಗ ಸೈನ್ಯದಲ್ಲಿ. ಈಗ ಉತ್ತರದಲ್ಲಿ ಪೋಸ್ಟಿಂಗ್, ಫ್ಯಾಮಿಲಿ ಕ್ವಾರ್ಟರ್ಸ್ ಇಲ್ಲದ ಜಾಗ. ತಂಗಿ ಮೈಸೂರಿನಲ್ಲಿ ಕೆಲಸ ಬಿಡಲ್ಲ ಅಂತಾಳೆ. ಹುಡುಗ ಅವಳಿಗಿಂತ ಆರು ವರ್ಷ ದೊಡ್ಡವನು. ನಾನು ಇದನ್ನೆಲ್ಲ ಬರೆದೇ ಇರಲಿಲ್ಲ.

ಮೂರ್ನಾಡಿನವ
ಹಹ್ಹಾ. ಕೊಡಗಿನಲ್ಲಿ ಎರಡು ಮನೆಗೆ ಒಬ್ಬ ಸೈನ್ಯದವನು ಸಿಗುತ್ತಾನೆ. ಇದನ್ನು ಹೇಳೋಕೆ ಹನ್ನೆರಡನೇ ಯಜಮಾನ ಬೇಕಾ? ನಮ್ಮ ಚಿಕ್ಕಪ್ಪ ವರ್ಷಕ್ಕೆ ಎರಡು ತಿಂಗಳು ಮನೆಯಲ್ಲಿ ಇರುತ್ತಿದ್ದರು. ಚಿಕ್ಕಮ್ಮ ಯಾವತ್ತೂ ಶುಕ್ರನನ್ನು ಬೈದಿಲ್ಲ.

ಮಡಿಕೇರಿ ಮೇಷ್ಟ್ರು
ನಿಮ್ಮ ಮಾತು ಒಪ್ಪಿದೆ. ನಮ್ಮ ಊರಿನಲ್ಲಿ ಇದು ದೊಡ್ಡ ಪುರಾವೆ ಅಲ್ಲ. ಅದಕ್ಕೇ ನಾನು ಕೇಳಿದ್ದು, ಹೇಳಿದ್ದಲ್ಲ.

ಕಿರಣ ಕುಶಾಲನಗರ
ಸರಿ, ಅಸ್ತ ಒಪ್ಪಿಕೊಳ್ಳುತ್ತೇನೆ ಅಂತಿಟ್ಟುಕೊಳ್ಳಿ. ಆದರೆ ಏಳನೇ ಮನೆಯ ಯಜಮಾನ ಗುರು ಮಕರದಲ್ಲಿ ನೀಚ. ಹನ್ನೆರಡರಲ್ಲಿ ಕುಜ, ಅದೂ ಒಂದು ದೋಷ. ಇಷ್ಟೆಲ್ಲ ಇದ್ದರೆ ಈಗ ನೀವೇ ಬೇಡ ಅನ್ನಬೇಕಲ್ವಾ?

ಮಡಿಕೇರಿ ಮೇಷ್ಟ್ರು
ನಿನ್ನೆ ಕಣ್ಣು ಮುಚ್ಚಿ ಮದುವೆ ಮಾಡಿ ಅಂದವರು ಇವತ್ತು ಈ ಕಡೆ ಬಂದಿರಾ?

ಕುಜನ ವಿಷಯ ಬಿಡಿ, ಹುಡುಗನ ಜಾತಕ ಪಕ್ಕದಲ್ಲಿ ಇಟ್ಟುಕೊಂಡು ನೋಡುವಂಥದ್ದು ಅದು. ಗುರುವಿನ ವಿಷಯ ಮುಖ್ಯ. ಗುರು ಮೀನದ ಯಜಮಾನ, ಕೂತಿರೋದು ಮಕರದಲ್ಲಿ. ಶನಿ ಮಕರದ ಯಜಮಾನ, ಕೂತಿರೋದು ಮೀನದಲ್ಲಿ. ಅಂದರೆ ಇಬ್ಬರೂ ಮನೆ ಬದಲಾಯಿಸಿಕೊಂಡಿದ್ದಾರೆ. ಐದು ಮತ್ತು ಏಳನೇ ಮನೆಗಳ ಪರಿವರ್ತನೆ. ಜೊತೆಗೆ ನೀಚನಿಗೆ ಮನೆ ಕೊಟ್ಟ ಶನಿ ಲಗ್ನದಿಂದ ಕೇಂದ್ರದಲ್ಲಿ ಇದ್ದಾನೆ, ಆ ಕಾರಣಕ್ಕೆ ನೀಚತನವೂ ಭಂಗ ಆಗುತ್ತದೆ.

ಇಲ್ಲಿ ಒಂದು ತಮಾಷೆ ನೋಡಿ. ಹುಡುಗನ ಕಡೆಯವರು ಯಾವ ಶನಿಯನ್ನು ನೋಡಿ ಹೆದರಿದರೋ, ಈ ಜಾತಕದಲ್ಲಿ ಏಳನೇ ಮನೆಯ ಯಜಮಾನನನ್ನು ಎತ್ತಿ ನಿಲ್ಲಿಸಿರೋದು ಅದೇ ಶನಿ. ಅವನನ್ನು ತೆಗೆದುಬಿಟ್ಟರೆ ಗುರು ಸುಮ್ನೆ ನೀಚ, ಶುಕ್ರ ಸುಮ್ನೆ ಅಸ್ತ. ಶನಿ ಇದ್ದದ್ದರಿಂದ ಮನೆಗೆ ಕಂಬ ಇದೆ. ಶನಿ ಆರನೇ ಮನೆಗೂ ಯಜಮಾನ ಅನ್ನೋದು ನಿಜ. ಹಾಗಾಗಿ ಮೊದಲ ಕೆಲವು ವರ್ಷ ಕೆಲಸ, ಸಾಲ, ಯಾರು ಎಲ್ಲಿರಬೇಕು ಅಂತ ವಾದ ಇರುತ್ತದೆ. ಅದನ್ನು ಮುಚ್ಚಿಟ್ಟು ಹೇಳಲ್ಲ.

ಸೋಮವಾರಪೇಟೆ ಅಕ್ಕ
ಮೊದಲ ಮೂರು ವರ್ಷ ನಮ್ಮದೂ ಹಾಗೇ ಇತ್ತು. ಪಲ್ಪರ್ ಮೆಷಿನ್ ತಗೊಳ್ಳೋದಾ ಬೇಡವಾ ಅಂತ ಒಂದು ಇಡೀ ಕೊಯ್ಲು ಮಾತು ಬಿಟ್ಟಿದ್ದೆವು.

ಕಾಫಿಹೂ (ವಿರಾಜಪೇಟೆ)
ಮೇಷ್ಟ್ರೇ, ನವಾಂಶ ನೋಡಬೇಕು ಅಂತ ನಮ್ಮ ಜ್ಯೋತಿಷಿ ಹೇಳಿದ್ದರು. ಒಂದು ಆ್ಯಪಿನಲ್ಲಿ ಶನಿ ವೃಶ್ಚಿಕ ನವಾಂಶ ಅಂತ ಬರುತ್ತದೆ, ಇನ್ನೊಂದರಲ್ಲಿ ಧನು. ಯಾವುದು ಸರಿ?

ಮಡಿಕೇರಿ ಮೇಷ್ಟ್ರು
ಎರಡೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿ. ಮೀನದಲ್ಲಿ 16 ಡಿಗ್ರಿ 40 ಕಲೆಗೆ ವೃಶ್ಚಿಕ ನವಾಂಶ ಮುಗಿದು ಧನು ಶುರು. ನಿಮ್ಮ ತಂಗಿಯ ಶನಿ ಆ ಗೆರೆಯ ಮೇಲೇ ಕೂತಿದ್ದಾನೆ. ಲಾಹಿರಿ ಅಯನಾಂಶ ಹಾಕಿದರೆ ಗೆರೆಯ ಆಚೀಚೆ ಆಗುತ್ತದೆ, ರಾಮನ್ ಅಯನಾಂಶ ಹಾಕಿದರೆ ಒಂದೂವರೆ ಡಿಗ್ರಿಯಷ್ಟು ಮುಂದೆ ಹೋಗಿ ಧನುವಿನ ಒಳಗೆ ಬೀಳುತ್ತಾನೆ. ಶುಕ್ರ ಎರಡರಲ್ಲೂ ಧನು ನವಾಂಶದಲ್ಲೇ ಇರುತ್ತಾನೆ, ಅಲ್ಲಿ ಉಚ್ಚವೂ ಇಲ್ಲ ನೀಚವೂ ಇಲ್ಲ. ಹಾಗಾಗಿ ನವಾಂಶದಲ್ಲಿ ಶನಿಯ ಮೇಲೆ ಕಥೆ ಕಟ್ಟುವವರನ್ನು ನಂಬಬೇಡಿ.

ಅದಕ್ಕಿಂತ ದೊಡ್ಡ ಗೆರೆ ಇನ್ನೊಂದಿದೆ, ಯಾರೂ ಕೇಳಲೇ ಇಲ್ಲ. ಆ ದಿನ ನಿಮ್ಮೂರಲ್ಲಿ ಸಂಜೆ ಸುಮಾರು 7:20ಕ್ಕೆ ಕನ್ಯಾ ಲಗ್ನ ಮುಗಿದು ತುಲಾ ಬರುತ್ತದೆ. ತುಲಾ ಲಗ್ನ ಆದರೆ ಮೀನ ಆರನೇ ಮನೆ. ಮಾಲವ್ಯವೂ ಇಲ್ಲ, ಸಪ್ತಮದಲ್ಲಿ ಶನಿಯೂ ಇಲ್ಲ. ನಾವು ಇಲ್ಲಿ ಆಡಿದ್ದೆಲ್ಲ ಹೊಳೆಗೆ. 6:50 ಅನ್ನೋದು ಎಲ್ಲಿಂದ ಬಂತು?

ಕಾಫಿಹೂ (ವಿರಾಜಪೇಟೆ)
ಆಸ್ಪತ್ರೆಯ ಚೀಟಿಯಿಂದ. ಆದರೆ ಅಮ್ಮ ಹೇಳೋದು, ಆ ಸಂಜೆ ಗುಡುಗು ಮಳೆ, ಕರೆಂಟ್ ಇರಲಿಲ್ಲ, ನರ್ಸ್ ಟಾರ್ಚ್ ಹಿಡಿದುಕೊಂಡು ಆಮೇಲೆ ಬರೆದರು ಅಂತ. ಅಜ್ಜಿ "ದೀಪ ಹಚ್ಚಿ ಸುಮಾರು ಹೊತ್ತಾಗಿತ್ತು" ಅಂತಿದ್ದರು. ಈಗ ನನಗೇ ಭಯ ಶುರುವಾಯಿತು.

ಭಾಗಮಂಡಲ ಹೊಸಬ
ನನ್ನ ಕಾರಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಮಡಿಕೇರಿ ಮೇಷ್ಟ್ರು
ಆ ಸಮಯದಲ್ಲಿ ಸೂರ್ಯ ಮುಳುಗೋದು 6:35ರ ಸುಮಾರಿಗೆ. ದೀಪ ಹಚ್ಚಿ ಹೊತ್ತಾಗಿತ್ತು ಅಂದರೆ 6:50ಕ್ಕೂ ಸರಿ, 7:20ಕ್ಕೂ ಸರಿ. ಮಳೆ ಬಂದ ಸಂಜೆ ಬೇಗ ಕತ್ತಲಾಗುತ್ತದೆ. ಮನೆಯಲ್ಲಿ ಬೇರೆ ಏನಾದರೂ ಬರೆದಿಟ್ಟಿದ್ದಾರಾ? ಡೈರಿ, ಹಳೆ ಕ್ಯಾಲೆಂಡರ್?

ಮೂರ್ನಾಡಿನವ
ತೋಟದ ಮನೆಯಲ್ಲವಾ ನಿಮ್ಮದು? ಅಜ್ಜನ ಮಳೆ ಪುಸ್ತಕ ನೋಡಿ. ಹೂಮಳೆ ಬಂದ ದಿನ ಯಾವ ಪ್ಲಾಂಟರೂ ಬರೆಯದೆ ಮಲಗಲ್ಲ.

ಕಾಫಿಹೂ (ವಿರಾಜಪೇಟೆ)
ಅಣ್ಣ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. ಅಟ್ಟದ ಮೇಲಿನ ಟ್ರಂಕಿನಲ್ಲಿ ಸಿಕ್ಕಿತು. ಅಂಚೆಲ್ಲ ಗೆದ್ದಲು ತಿಂದಿದೆ, ಆ ಪುಟ ಉಳಿದಿದೆ. ಅಜ್ಜನ ನೀಲಿ ಶಾಯಿ. ಇಂಚು, ಸೆಂಟ್ ಕಾಲಂನಲ್ಲಿ "0-85" ಅಂತ ಇದೆ. ಪಕ್ಕದಲ್ಲಿ ಸಣ್ಣಕ್ಕೆ: "ಸಂಜೆ ಮಳೆ. 7 ಕಾಲಿಗೆ ಪೇಟೆಯಿಂದ ಫೋನ್. ಹೆಣ್ಣು ಮಗು. ಇಬ್ಬರೂ ಸೌಖ್ಯ."

ಅಂದರೆ 7:15? ಗೆರೆಗೆ ಐದೇ ನಿಮಿಷ. ಕೈ ನಡುಗುತ್ತಿದೆ.

ಕಿರಣ ಕುಶಾಲನಗರ
ಅಯ್ಯೋ, ಐದು ನಿಮಿಷ ಅಂದರೆ ಏನೂ ಹೇಳೋಕೆ ಆಗಲ್ಲ. ಲಗ್ನ ಶುದ್ಧಿ ಮಾಡಿಸಬೇಕು.

ಮಡಿಕೇರಿ ಮೇಷ್ಟ್ರು
ನಿಧಾನಕ್ಕೆ ಓದಿ. 7 ಕಾಲಿಗೆ ಹುಟ್ಟಿತು ಅಂತ ಇಲ್ಲ, ಫೋನ್ ಬಂತು ಅಂತ ಇದೆ. ಮಗು ಹುಟ್ಟಿ, ತಾಯಿಯನ್ನು ನೋಡಿಕೊಂಡು, ಹೊರಗೆ ಕೂತವರಿಗೆ ಹೇಳಿ, ಅವರು ಆ ಮಳೆಯಲ್ಲಿ ಫೋನ್ ಇರುವ ಕಡೆ ಹೋಗಿ, 1997ರ ಲೈನ್ ಸಿಕ್ಕಿ, ಆಮೇಲೆ ಅಜ್ಜನಿಗೆ ಸುದ್ದಿ. ಇಪ್ಪತ್ತು ಇಪ್ಪತ್ತೈದು ನಿಮಿಷ ಹಿಡಿದೇ ಹಿಡಿಯುತ್ತದೆ. ಹುಟ್ಟುವ ಮೊದಲೇ "ಹೆಣ್ಣು ಮಗು" ಅಂತ ಯಾರೂ ಫೋನ್ ಮಾಡಲ್ಲ. ಅಲ್ಲಿಗೆ ಚೀಟಿಯ 6:50ಕ್ಕೂ ಅಜ್ಜನ ಪುಸ್ತಕಕ್ಕೂ ಹೊಂದಿಕೆ ಆಯಿತು. ಕನ್ಯಾ ಲಗ್ನ. ನಾನು ಈ ಸಾಕ್ಷಿಯನ್ನು ಯಾವ ಲಗ್ನ ಶುದ್ಧಿಗಿಂತಲೂ ಹೆಚ್ಚು ನಂಬುತ್ತೇನೆ.

ಮೂರ್ನಾಡಿನವ
ಇದನ್ನ ಒಪ್ಪಿದೆ ಮೇಷ್ಟ್ರೇ. ಇದು ಜ್ಯೋತಿಷ್ಯ ಅಲ್ಲ, ಪೊಲೀಸ್ ತನಿಖೆ.

ಕಾಫಿಹೂ (ವಿರಾಜಪೇಟೆ)
ಅಮ್ಮ ಆ ಪುಟ ನೋಡಿ ಅತ್ತರು. ಊಟ ಮಾಡಿದರು, ಅದೇ ದೊಡ್ಡದು. ಕೊನೆಯ ಪ್ರಶ್ನೆ ಮೇಷ್ಟ್ರೇ. ಈಗ ಮಾಡಬಹುದಾ, ಕಾಯಬೇಕಾ?

ಮಡಿಕೇರಿ ಮೇಷ್ಟ್ರು
ಈಗ ರಾಹು ದಶೆಯಲ್ಲಿ ಶನಿ ಭುಕ್ತಿ, 2025ರ ಶುರುವಿನಿಂದ 2027ರ ಕೊನೆಯವರೆಗೆ ಹೆಚ್ಚುಕಡಿಮೆ. ಗೋಚಾರದ ಶನಿಯೂ 2025ರ ಮಾರ್ಚ್ 29ಕ್ಕೆ ಮೀನಕ್ಕೆ ಬಂದಿದ್ದಾನೆ, ಅಂದರೆ ಅವಳು ಹುಟ್ಟಿದಾಗ ಇದ್ದ ಜಾಗಕ್ಕೇ ತಿರುಗಿ ಬಂದಿದ್ದಾನೆ. ಏಳನೇ ಮನೆಯಲ್ಲಿ ಕೂತ, ಏಳನೇ ಯಜಮಾನನ ಜೊತೆ ಪರಿವರ್ತನೆ ಇರುವ ಗ್ರಹದ ಭುಕ್ತಿಯಲ್ಲಿ ಸಂಬಂಧ ಬಂದರೆ ನಾನು ತಳ್ಳಲ್ಲ. ಶನಿ ಭುಕ್ತಿ, ಬೇಡ ಅನ್ನುವವರು ಇದ್ದಾರೆ. ಅವರು ಗ್ರಹದ ಹೆಸರು ನೋಡುತ್ತಾರೆ, ಈ ಜಾತಕದಲ್ಲಿ ಅದಕ್ಕೆ ಕೊಟ್ಟ ಕೆಲಸ ನೋಡಲ್ಲ.

ಕಿರಣ ಕುಶಾಲನಗರ
ನಾನು ಇನ್ನೂ ಒಪ್ಪಲ್ಲ ಮೇಷ್ಟ್ರೇ. ಉಚ್ಚ ಗ್ರಹಕ್ಕೆ ಅಸ್ತ ತಾಗಲ್ಲ ಅಂತ ನನಗೆ ಕಲಿಸಿದವರು ಹೇಳಿದ್ದು. ಮದುವೆ ಆಗಿ ಹತ್ತು ವರ್ಷದ ಮೇಲೆ ಈ ಅಣ್ಣ ಬಂದು ಬರೆಯಲಿ, ಯಾರು ಸರಿ ಅಂತ ಗೊತ್ತಾಗುತ್ತದೆ.

ಮಡಿಕೇರಿ ಮೇಷ್ಟ್ರು
ನಿಮಗೆ ಕಲಿಸಿದವರ ಹಾಗೆ ಹೇಳುವವರು ಇದ್ದಾರೆ, ನನ್ನ ಗುರುಗಳು ಹಾಗೆ ಹೇಳಲಿಲ್ಲ. ಹತ್ತು ವರ್ಷ ನಾನಿದ್ದರೆ ಓದುತ್ತೇನೆ.

ಸೋಮವಾರಪೇಟೆ ಅಕ್ಕ
ತಮ್ಮಾ, ಒಂದು ಮಾತು. ಹುಡುಗಿಗೂ ಹುಡುಗನಿಗೂ ಫೋನಿನಲ್ಲಿ ಮಾತಾಡೋಕೆ ಬಿಡಿ. ದೂರ ಇರೋದನ್ನು ಹೇಗೆ ನಿಭಾಯಿಸೋದು ಅಂತ ಅವರೇ ಮಾತಾಡಿಕೊಳ್ಳಲಿ. ನಮ್ಮ ಕಾಲದಲ್ಲಿ ಅದಿರಲಿಲ್ಲ.

ಕಾಫಿಹೂ (ವಿರಾಜಪೇಟೆ)
ಮಾತಾಡುತ್ತಿದ್ದಾರಂತೆ ಅಕ್ಕ, ಮೂರು ವಾರದಿಂದ! ನಮಗೆ ಯಾರಿಗೂ ಗೊತ್ತಿರಲಿಲ್ಲ. ಮಳೆ ಪುಸ್ತಕದ ಫೋಟೋ ಅವಳೇ ಹುಡುಗನಿಗೆ ಕಳಿಸಿದ್ದಾಳೆ, ಅವನು ಅವರ ಮನೆಯಲ್ಲಿ ತೋರಿಸುತ್ತಾನಂತೆ. ಅವರ ಜ್ಯೋತಿಷಿ ಏನು ಹೇಳುತ್ತಾರೋ ನೋಡೋಣ. ಹುಡುಗನ ಜಾತಕ ಕೈಗೆ ಬಂದರೆ ಕುಜನ ಲೆಕ್ಕಕ್ಕೆ ಇಲ್ಲೇ ಹಾಕುತ್ತೇನೆ ಮೇಷ್ಟ್ರೇ. ಈ ಸಲ ಡಿಗ್ರಿ ಸಮೇತ.